ಕ್ಯಾಮೆರಾದ ಕ್ಲೌಡ್ ಚಂದಾ ನಿಲ್ಲಿಸುವ ಮುನ್ನ: ಯಾವ ದೃಶ್ಯ ಉಳಿಯುತ್ತದೆ, ಯಾವುದು ಅಳಿಯುತ್ತದೆ

ಮನೆಯ ಭದ್ರತಾ ಕ್ಯಾಮೆರಾದ ಆ್ಯಪ್ ತೆರೆದರೆ ಕಳೆದ ಒಂದು ತಿಂಗಳ ಘಟನೆಗಳು ಸಾಲಾಗಿ ಒಂದೇ ಪಟ್ಟಿಯಲ್ಲಿ ಕಾಣುತ್ತವೆ. ಗೊಂದಲ ಹುಟ್ಟುವುದೇ ಈ ಪಟ್ಟಿಯಿಂದ. ಅದರಲ್ಲಿ ಯಾವ ದೃಶ್ಯ ಕಂಪನಿಯ ಸರ್ವರ್‌ನಲ್ಲಿದೆ, ಯಾವುದು ಕ್ಯಾಮೆರಾದೊಳಗಿನ ಮೆಮೊರಿ ಕಾರ್ಡಿನಲ್ಲಿದೆ ಎಂದು ಆ್ಯಪ್ ಸ್ಪಷ್ಟವಾಗಿ ಹೇಳುವುದಿಲ್ಲ. ಕಾರ್ಡ್ ಹೇಗೂ ಇದೆಯಲ್ಲ, ಎಲ್ಲವೂ ಅದರಲ್ಲಿ ಇರುತ್ತದೆ ಎಂದು ನಂಬಿ ಚಂದಾ ನಿಲ್ಲಿಸಿದವರಿಗೆ ಮರುದಿನ ಪಟ್ಟಿ ಖಾಲಿಯಾಗಿ ಕಂಡಾಗಲೇ ವಿಷಯ ಗೊತ್ತಾಗುವುದು. ಹೋದದ್ದನ್ನು ಆಗ ಮರಳಿ ಪಡೆಯುವ ದಾರಿ ಸಾಮಾನ್ಯವಾಗಿ ಇರುವುದಿಲ್ಲ.

ಇಲ್ಲಿ ಹೇಳುತ್ತಿರುವುದು ಮುಖ್ಯವಾಗಿ ಮೈಕ್ರೊ ಎಸ್‌ಡಿ ಕಾರ್ಡ್ ಹಾಕಬಹುದಾದ ಮತ್ತು ಜೊತೆಗೆ ಕ್ಲೌಡ್ ಚಂದಾವೂ ಇರುವ ಕ್ಯಾಮೆರಾಗಳ ಬಗ್ಗೆ. ಟ್ಯಾಪೊ, ವೈಜ್, ಇಜ್‌ವಿಜ್, ರಿಯೊಲಿಂಕ್‌ನಂಥ ಹೆಸರುಗಳಲ್ಲಿ ಮಾರಾಟವಾಗುವ ಹಲವು ಮಾದರಿಗಳು ಈ ಬಗೆಯವು. ಕಾರ್ಡಿಗೆ ಜಾಗವೇ ಇಲ್ಲದ ಕ್ಯಾಮೆರಾಗಳ ಕಥೆ ಬೇರೆ. ಮೊದಲು ಅದನ್ನು ಚಿಕ್ಕದಾಗಿ ಮುಗಿಸುತ್ತೇನೆ.

ಕಾರ್ಡ್ ಹಾಕಲು ಜಾಗವಿಲ್ಲದಿದ್ದರೆ

ರಿಂಗ್ ಕ್ಯಾಮೆರಾಗಳಲ್ಲಿ ಕಾರ್ಡಿನ ಕಿಂಡಿ ಇಲ್ಲ. ಚಂದಾ ಮುಗಿದ ಮೇಲೆ ನೇರ ದೃಶ್ಯ ನೋಡಬಹುದು, ಕ್ಯಾಮೆರಾದ ಮೂಲಕ ಮಾತನಾಡಬಹುದು, ಚಲನೆಯ ಸೂಚನೆಯೂ ಬರುತ್ತದೆ. ಆದರೆ ಆದದ್ದನ್ನು ಹಿಂದಿರುಗಿ ನೋಡುವಂತಿಲ್ಲ. ಗೂಗಲ್ ನೆಸ್ಟ್‌ನ ಬ್ಯಾಟರಿ ಮಾದರಿಯಂಥ ಕೆಲವು ಕ್ಯಾಮೆರಾಗಳಲ್ಲಿ ಚಂದಾ ಇಲ್ಲದೆಯೂ ಮೂರು ಗಂಟೆಗಳಷ್ಟು ಘಟನೆಗಳು ನೋಡಲು ಸಿಗುತ್ತವೆ, ಅದಕ್ಕಿಂತ ಹಿಂದಿನದು ಸಿಗುವುದಿಲ್ಲ. ಬ್ಲಿಂಕ್ ಕ್ಯಾಮೆರಾಗಳು ಮನೆಯೊಳಗಿನ ಸಿಂಕ್ ಮಾಡ್ಯೂಲ್ 2 ಎಂಬ ಪುಟ್ಟ ಪೆಟ್ಟಿಗೆಗೆ ಚುಚ್ಚಿದ ಯುಎಸ್‌ಬಿ ಡ್ರೈವಿನಲ್ಲಿ ಕ್ಲಿಪ್‌ಗಳನ್ನು ಇಡಬಲ್ಲವು. ಚಂದಾ ಇರುವಾಗ ಆ ಡ್ರೈವ್ ಕ್ಲೌಡಿನ ಕ್ಲಿಪ್‌ಗಳ ಬ್ಯಾಕಪ್ ಆಗಿ ಮಾತ್ರ ಕೆಲಸ ಮಾಡುತ್ತದೆ. ಚಂದಾ ಹೋದ ಮೇಲೆ ಅದೇ ಮುಖ್ಯ ಸಂಗ್ರಹವಾಗಬೇಕು. ಹಾಗಾಗಿದೆಯೇ ಎಂದು ಸೆಟ್ಟಿಂಗ್‌ನಲ್ಲಿ ಕಣ್ಣಾರೆ ನೋಡಿಕೊಳ್ಳಬೇಕು.

ಇಂಥ ಕ್ಯಾಮೆರಾ ನಿಮ್ಮದಾಗಿದ್ದರೆ ಕೆಳಗಿನ ಕಾರ್ಡಿನ ಭಾಗವನ್ನು ದಾಟಿ ನೇರವಾಗಿ ಡೌನ್‌ಲೋಡ್ ಮಾಡುವ ಭಾಗಕ್ಕೆ ಹೋಗಿ. ನಿಮಗೆ ಉಳಿಯುವುದು ನೀವು ಇಳಿಸಿಕೊಂಡದ್ದು ಮಾತ್ರ.

ಒಂದೇ ಪಟ್ಟಿ, ಎರಡು ಜಾಗ

ಕಾರ್ಡೂ ಕ್ಲೌಡೂ ಎರಡೂ ಇರುವ ಕ್ಯಾಮೆರಾ ಚಲನೆ ಕಂಡಾಗ ಎರಡು ಬೇರೆ ಬೇರೆ ಕೆಲಸ ಮಾಡುತ್ತದೆ. ಚಿಕ್ಕ ಕ್ಲಿಪ್ ಒಂದನ್ನು ಅಂತರ್ಜಾಲದ ಮೂಲಕ ಕಂಪನಿಯ ಸರ್ವರ್‌ಗೆ ಕಳುಹಿಸುತ್ತದೆ. ಅದರಿಂದ ಪ್ರತ್ಯೇಕವಾಗಿ, ತನ್ನೊಳಗಿನ ಕಾರ್ಡಿನ ಮೇಲೂ ಬರೆಯುತ್ತದೆ. ನೀವು ಚಂದಾ ಕಟ್ಟುತ್ತಿರುವುದು ಮೊದಲನೆಯದಕ್ಕೆ. ಎರಡನೆಯದಕ್ಕೆ ಚಂದಾದ ಹಂಗಿಲ್ಲ. ಚಂದಾ ಮುಗಿದರೆ ಕಂಪನಿ ನಿಮ್ಮ ಕಾರ್ಡನ್ನು ಮುಟ್ಟುವುದಿಲ್ಲ.

ಇವೆರಡೂ ಒಂದರ ಪ್ರತಿ ಇನ್ನೊಂದಲ್ಲ ಎಂಬುದನ್ನು ಮನಸ್ಸಿನಲ್ಲಿಡಬೇಕು. ಕ್ಲೌಡಿನಲ್ಲಿರುವುದು ಘಟನೆಗಳ ತುಣುಕುಗಳು, ಆದರೆ ಬಹಳ ದಿನಗಳವು. ಕಾರ್ಡಿನಲ್ಲಿ ಸತತ ರೆಕಾರ್ಡಿಂಗ್ ಇಟ್ಟಿದ್ದರೆ ದಿನದ ಪ್ರತಿ ಕ್ಷಣವೂ ಇರುತ್ತದೆ, ಆದರೆ ಕೆಲವೇ ದಿನಗಳದ್ದು. ಕಾರ್ಡ್ ತುಂಬಿದೊಡನೆ ಕ್ಯಾಮೆರಾ ಅತಿ ಹಳೆಯ ಭಾಗದ ಮೇಲೆ ಹೊಸದನ್ನು ಬರೆಯುತ್ತ ಹೋಗುತ್ತದೆ. ಅಂತರ್ಜಾಲ ಕೈಕೊಟ್ಟ ಹೊತ್ತಿನ ದೃಶ್ಯ ಕಾರ್ಡಿನಲ್ಲಿ ಇರುತ್ತದೆ, ಕ್ಲೌಡಿನಲ್ಲಿ ಇರುವುದಿಲ್ಲ. ಮೂರು ವಾರಗಳ ಹಿಂದೆ ಬಾಗಿಲಿಗೆ ಬಂದವರ ಮುಖ ಕ್ಲೌಡಿನಲ್ಲಿ ಇರುತ್ತದೆ, ಕಾರ್ಡಿನಿಂದ ಎಂದೋ ಅಳಿಸಿಹೋಗಿರುತ್ತದೆ.

ಚಂದಾ ಚಾಲ್ತಿಯಲ್ಲಿರುವವರೆಗೆ ಕಾರ್ಡ್ ಕೆಟ್ಟುಹೋಗಿರುವುದು ಯಾರಿಗೂ ಗೊತ್ತಾಗದಿರುವುದು ನಿಜವಾದ ಅಪಾಯ. ಘಟನೆಗಳು ಕ್ಲೌಡಿನಿಂದ ಚೆನ್ನಾಗಿಯೇ ಕಾಣುತ್ತಿರುತ್ತವೆ, ಹಾಗಾಗಿ ಕಾರ್ಡಿನ ಕಡೆ ಯಾರೂ ತಿರುಗಿ ನೋಡುವುದಿಲ್ಲ. ಹಗಲೂ ರಾತ್ರಿ ಬರೆಸಿಕೊಳ್ಳುವ ಕಾರ್ಡುಗಳು ಸವೆಯುತ್ತವೆ. ಮೊಬೈಲಿಗೆಂದು ಕೊಂಡ ಸಾಧಾರಣ ಕಾರ್ಡನ್ನು ಕ್ಯಾಮೆರಾಕ್ಕೆ ಹಾಕಿದ್ದರೆ ಇನ್ನೂ ಬೇಗ. ಆದ್ದರಿಂದ ಚಂದಾ ನಿಲ್ಲಿಸುವ ಗುಂಡಿಯ ಹತ್ತಿರ ಹೋಗುವ ಮೊದಲು ಕಾರ್ಡ್ ನಿಜಕ್ಕೂ ಬರೆಯುತ್ತಿದೆಯೇ ಎಂದು ಸಾಬೀತು ಮಾಡಿಕೊಳ್ಳಬೇಕು.

ಮೊದಲ ಹೆಜ್ಜೆ: ಕಾರ್ಡಿನ ಪರೀಕ್ಷೆ

ಆ್ಯಪ್‌ನಲ್ಲಿ ಕ್ಯಾಮೆರಾದ ಸೆಟ್ಟಿಂಗ್ ತೆರೆದು ಸಂಗ್ರಹದ ಪುಟಕ್ಕೆ ಹೋಗಿ. ಅದು Storage ಅಥವಾ SD Card ಎಂಬ ಹೆಸರಿನಲ್ಲಿರುತ್ತದೆ. ಅಲ್ಲಿ ಕಾರ್ಡಿನ ಒಟ್ಟು ಜಾಗ, ಬಳಕೆಯಾದ ಜಾಗ ಮತ್ತು ಸ್ಥಿತಿ ಕಾಣಬೇಕು. ಕಾರ್ಡ್ ಗುರುತಿಸಿಲ್ಲ, ಫಾರ್ಮ್ಯಾಟ್ ಮಾಡಬೇಕು, ದೋಷವಿದೆ ಎಂಬ ಅರ್ಥದ ಯಾವ ಸಂದೇಶ ಇದ್ದರೂ ಅಲ್ಲಿಗೇ ನಿಲ್ಲಿ. ಕಾರ್ಡನ್ನು ಒಮ್ಮೆ ಫಾರ್ಮ್ಯಾಟ್ ಮಾಡಿ ನೋಡಬಹುದು, ಆದರೆ ಹಾಗೆ ಮಾಡಿದರೆ ಅದರಲ್ಲಿ ಇದ್ದದ್ದೆಲ್ಲ ಹೋಗುತ್ತದೆ. ಎರಡನೆಯ ಸಲವೂ ಅದೇ ದೋಷ ಬಂದರೆ ಕಾರ್ಡನ್ನು ಬದಲಿಸಿ. ಕ್ಯಾಮೆರಾ ರೆಕಾರ್ಡಿಂಗ್‌ಗೆಂದೇ ತಯಾರಾಗುವ High Endurance ಎಂದು ಮುದ್ರಿಸಿದ ಕಾರ್ಡ್ ಕೊಳ್ಳುವುದು ಒಳ್ಳೆಯದು.

ಸ್ಥಿತಿ ಸರಿ ಎಂದು ತೋರಿಸಿದ ಮಾತ್ರಕ್ಕೆ ಸಮಾಧಾನ ಪಡಬೇಡಿ. ಅದೇ ಪುಟದಲ್ಲಿ ಅಥವಾ ಪಕ್ಕದ ಪುಟದಲ್ಲಿ ಕಾರ್ಡಿಗೆ ರೆಕಾರ್ಡ್ ಮಾಡುವ ಸ್ವಿಚ್ ಪ್ರತ್ಯೇಕವಾಗಿ ಇರುತ್ತದೆ. ಸತತವಾಗಿ ಬರೆಯಬೇಕೇ ಅಥವಾ ಚಲನೆ ಕಂಡಾಗ ಮಾತ್ರವೇ ಎಂಬ ಆಯ್ಕೆಯೂ ಅಲ್ಲಿಯೇ ಇರುತ್ತದೆ. ಕಾರ್ಡ್ ಸುಸ್ಥಿತಿಯಲ್ಲಿದ್ದು ಈ ಸ್ವಿಚ್ ಆರಿರುವುದು ಅಪರೂಪವೇನಲ್ಲ.

ಇನ್ನು ಪರೀಕ್ಷೆ. ರೂಟರ್‌ಗೆ ಹೊರಗಿನಿಂದ ಬರುವ ಅಂತರ್ಜಾಲದ ತಂತಿಯನ್ನು ಮಾತ್ರ ಹತ್ತು ನಿಮಿಷ ತೆಗೆದಿಡಿ. ರೂಟರ್ ಮತ್ತು ಕ್ಯಾಮೆರಾ ಎರಡಕ್ಕೂ ವಿದ್ಯುತ್ ಇರಲಿ. ಗಡಿಯಾರ ನೋಡಿಕೊಂಡು ಕ್ಯಾಮೆರಾದ ಮುಂದೆ ಅತ್ತಿತ್ತ ನಡೆಯಿರಿ. ತಂತಿಯನ್ನು ಮತ್ತೆ ಜೋಡಿಸಿ, ಆ್ಯಪ್‌ನಲ್ಲಿ ಕಾರ್ಡಿನ Playback ತೆರೆದು ಆ ಹತ್ತು ನಿಮಿಷಗಳನ್ನು ಹುಡುಕಿ. ಅಂತರ್ಜಾಲವೇ ಇಲ್ಲದ ಹೊತ್ತಿನ ದೃಶ್ಯ ಅಲ್ಲಿ ಓಡಿದರೆ ಅದು ಕಾರ್ಡಿನಿಂದಲೇ ಬಂದದ್ದು. ಆ ಭಾಗ ಖಾಲಿಯಿದ್ದರೆ ನೀವು ಇದುವರೆಗೆ ನೋಡುತ್ತಿದ್ದುದೆಲ್ಲ ಕ್ಲೌಡಿನದೇ ಎಂದು ತಿಳಿಯಿರಿ. ಸಂಪರ್ಕ ಇಲ್ಲದಾಗ ಘಟನೆಗಳನ್ನು ಒಳಗೇ ಹಿಡಿದಿಟ್ಟು ಆಮೇಲೆ ಕ್ಲೌಡಿಗೆ ಏರಿಸುವ ಕ್ಯಾಮೆರಾಗಳಿಗೆ ಈ ಪರೀಕ್ಷೆ ಹೊಂದುವುದಿಲ್ಲ. ನೆಸ್ಟ್‌ನ ಹೊಸ ಮಾದರಿಗಳು ಹಾಗೆ ಮಾಡುತ್ತವೆ. ಅದು ತಾತ್ಕಾಲಿಕ ವ್ಯವಸ್ಥೆ, ಕಾರ್ಡಿನ ಸಂಗ್ರಹವಲ್ಲ.

ಕೆಲವರು ಕಾರ್ಡನ್ನೇ ಹೊರತೆಗೆದು ಕಂಪ್ಯೂಟರಿಗೆ ಹಾಕಿ ನೋಡುತ್ತಾರೆ. ಅದೂ ಸರಿಯೇ, ಆದರೆ ಕಂಡದ್ದನ್ನು ತಪ್ಪಾಗಿ ಓದಬಾರದು. ವೈಜ್‌ನಂಥ ಕೆಲವು ಕ್ಯಾಮೆರಾಗಳು ದಿನಾಂಕ ಮತ್ತು ಗಂಟೆಯ ಹೆಸರಿನ ಫೋಲ್ಡರ್‌ಗಳಲ್ಲಿ ಒಂದೊಂದು ನಿಮಿಷದ ವಿಡಿಯೊ ಫೈಲ್‌ಗಳನ್ನು ಇಡುತ್ತವೆ; ಅವು ಎಲ್ಲಿ ಬೇಕಾದರೂ ಓಡುತ್ತವೆ. ಮತ್ತೆ ಕೆಲವು ಕ್ಯಾಮೆರಾಗಳು ಮೊದಲ ದಿನವೇ ಇಡೀ ಕಾರ್ಡನ್ನು ಸಮಗಾತ್ರದ ಖಾಲಿ ಫೈಲ್‌ಗಳಿಂದ ತುಂಬಿಟ್ಟು, ಆಮೇಲೆ ಅವುಗಳೊಳಗೆ ಬರೆಯುತ್ತವೆ. ಅಂಥ ಕಾರ್ಡ್ ಕಂಪ್ಯೂಟರಿನಲ್ಲಿ ಯಾವಾಗ ನೋಡಿದರೂ ತುಂಬಿದಂತೆಯೇ ಕಾಣುತ್ತದೆ, ಫೈಲಿನ ದಿನಾಂಕಗಳಿಗೂ ಒಳಗಿನ ದೃಶ್ಯಕ್ಕೂ ಸಂಬಂಧ ಇರುವುದಿಲ್ಲ. ದೃಶ್ಯವನ್ನು ಗೂಢಲಿಪಿಯಲ್ಲಿ ಬರೆಯುವ ಕ್ಯಾಮೆರಾಗಳೂ ಇವೆ. ಅವುಗಳ ಕಾರ್ಡ್ ಆ ಕ್ಯಾಮೆರಾದ ಮೂಲಕವಲ್ಲದೆ ಬೇರೆಲ್ಲೂ ತೆರೆಯುವುದಿಲ್ಲ. ಕಂಪ್ಯೂಟರ್ ಈ ಕಾರ್ಡನ್ನು ಫಾರ್ಮ್ಯಾಟ್ ಮಾಡಬೇಕೇ ಎಂದು ಕೇಳಿದರೆ ಬೇಡ ಎನ್ನಿ.

ಕಾರ್ಡಿನಲ್ಲಿ ಎಷ್ಟು ದಿನ ಹಿಡಿಸುತ್ತದೆ

ಇದನ್ನು ಪೆಟ್ಟಿಗೆಯ ಮೇಲಿನ ಜಾಹೀರಾತು ನೋಡಿ ಅಂದಾಜಿಸುವುದಕ್ಕಿಂತ ಲೆಕ್ಕ ಹಾಕುವುದು ಮೇಲು. ಬೇಕಾದದ್ದು ಒಂದೇ ಸಂಖ್ಯೆ: ಕ್ಯಾಮೆರಾ ಸೆಕೆಂಡಿಗೆ ಎಷ್ಟು ಮೆಗಾಬಿಟ್ ಬರೆಯುತ್ತದೆ ಎಂಬುದು. ಅದು ವಿಡಿಯೊ ಗುಣಮಟ್ಟದ ಪುಟದಲ್ಲಿ Bitrate ಎಂದು ಸಿಗಬಹುದು. ಸಿಗದಿದ್ದರೆ ಕಾರ್ಡಿನಿಂದ ಒಂದು ನಿಮಿಷದ ದೃಶ್ಯ ಇಳಿಸಿಕೊಂಡು ಅದರ ಗಾತ್ರ ನೋಡಿ.

ಒಂದು ಗೇಟಿನ ಕ್ಯಾಮೆರಾ ಸೆಕೆಂಡಿಗೆ 2 ಮೆಗಾಬಿಟ್ ಬರೆಯುತ್ತದೆ ಎಂದುಕೊಳ್ಳೋಣ. ಎಂಟು ಬಿಟ್‌ಗೆ ಒಂದು ಬೈಟ್, ಹಾಗಾಗಿ ಸೆಕೆಂಡಿಗೆ ಕಾಲು ಮೆಗಾಬೈಟ್, ನಿಮಿಷಕ್ಕೆ 15 ಮೆಗಾಬೈಟ್, ಗಂಟೆಗೆ 900 ಮೆಗಾಬೈಟ್, ದಿನಕ್ಕೆ 21.6 ಗಿಗಾಬೈಟ್. ಅದರಲ್ಲಿ 64 ಜಿಬಿ ಕಾರ್ಡ್ ಇದ್ದರೆ ಸತತ ರೆಕಾರ್ಡಿಂಗ್ ಮೂರು ದಿನಕ್ಕೂ ತುಸು ಕಡಿಮೆ ನಿಲ್ಲುತ್ತದೆ. 128 ಜಿಬಿ ಹಾಕಿದರೆ ಸುಮಾರು ಆರು ದಿನ. ಮೂವತ್ತು ದಿನದ ಕ್ಲೌಡಿಗೆ ಒಗ್ಗಿಕೊಂಡವರಿಗೆ ಇದು ಕಡಿಮೆ ಎನಿಸುವುದು ಸಹಜ.

ಅದೇ ಕ್ಯಾಮೆರಾವನ್ನು ಚಲನೆ ಕಂಡಾಗ ಮಾತ್ರ ಬರೆಯುವಂತೆ ಇಟ್ಟು, ದಿನಕ್ಕೆ ಒಟ್ಟು ಎರಡು ಗಂಟೆಯಷ್ಟು ಚಲನೆ ಇದ್ದರೆ ದಿನಕ್ಕೆ 1.8 ಜಿಬಿ ಸಾಕು. 64 ಜಿಬಿ ಕಾರ್ಡಿನಲ್ಲಿ ಸುಮಾರು 35 ದಿನ ಹಿಡಿಸುತ್ತದೆ. ಕ್ಲೌಡಿನಷ್ಟೇ ಆಯಿತಲ್ಲ ಎಂದು ಸಂತೋಷಪಡುವ ಮುನ್ನ ಒಂದು ಮಾತು. ಮನುಷ್ಯರನ್ನು, ವಾಹನಗಳನ್ನು ಬೇರ್ಪಡಿಸಿ ಗುರುತಿಸುವ ಸೌಲಭ್ಯವನ್ನು ಕೆಲವು ಕಂಪನಿಗಳು ಚಂದಾದ ಜೊತೆ ಕಟ್ಟಿಹಾಕಿವೆ. ಚಂದಾ ಹೋದೊಡನೆ ಅಂಥ ಕ್ಯಾಮೆರಾ ಮತ್ತೆ ಬರೀ ಚಲನೆ ಗುರುತಿಸುವ ಯಂತ್ರವಾಗುತ್ತದೆ. ಅಲುಗುವ ಕೊಂಬೆ, ಜಾರುವ ನೆರಳು, ರಾತ್ರಿ ಮಸೂರದ ಮುಂದೆ ಹಾರುವ ಹುಳ ಎಲ್ಲವೂ ಘಟನೆಯೇ. ದಿನದ ಎರಡು ಗಂಟೆ ಆರು ಗಂಟೆಗೆ ಏರಿದರೆ ದಿನಕ್ಕೆ 5.4 ಜಿಬಿ ಬೇಕು, ಅದೇ ಕಾರ್ಡ್ ಹನ್ನೆರಡು ದಿನವೂ ಬಾರದು. ಚಂದಾ ಮುಗಿದ ವಾರದಲ್ಲೇ ಚಲನೆಯ ವಲಯವನ್ನು ಗೇಟು ಮತ್ತು ಬಾಗಿಲಿಗೆ ಸೀಮಿತಗೊಳಿಸಿ, ಸೂಕ್ಷ್ಮತೆಯನ್ನು ಒಂದು ಮೆಟ್ಟಿಲು ಇಳಿಸುವುದು ಇದಕ್ಕಾಗಿ.

ಸತತವೋ ಚಲನೆಗೆ ಮಾತ್ರವೋ ಎಂದು ಕೇಳಿದರೆ, ಕಾರ್ಡ್ ದೊಡ್ಡದಿದ್ದರೆ ನಾನು ಸತತವನ್ನೇ ಆರಿಸುತ್ತೇನೆ. ಕ್ಯಾಮೆರಾ ಗುರುತಿಸದೇ ಬಿಟ್ಟ ಚಲನೆಯೂ ಅದರಲ್ಲಿ ಸಿಗುತ್ತದೆ. ಆದರೆ ತಿಂಗಳಿಗೊಮ್ಮೆ ಮಾತ್ರ ಹೋಗಿ ನೋಡುವ ಮನೆಗೆ ಅದು ಸಲ್ಲದು. ನೀವು ನೋಡುವ ಹೊತ್ತಿಗೆ ಬೇಕಾದ ದಿನ ಅಳಿಸಿಹೋಗಿರುತ್ತದೆ.

ಎರಡನೆಯ ಹೆಜ್ಜೆ: ಬೇಕಾದ್ದನ್ನು ಇಳಿಸಿಕೊಳ್ಳುವುದು

ದಿನಾಂಕಗಳ ಸಹಿತ ಒಂದು ಉದಾಹರಣೆ ನೋಡಿದರೆ ಇಲ್ಲಿಯ ಅವಸರ ಏಕೆಂದು ತಿಳಿಯುತ್ತದೆ. ಅದೇ ಗೇಟಿನ ಕ್ಯಾಮೆರಾ: 64 ಜಿಬಿ ಕಾರ್ಡು, ಸತತ ರೆಕಾರ್ಡಿಂಗ್, 30 ದಿನಗಳ ಕ್ಲೌಡ್ ಯೋಜನೆ. ಹಣ ಕಟ್ಟಿದ ಅವಧಿ ಜುಲೈ 30ಕ್ಕೆ ಮುಗಿಯುತ್ತದೆ. ಮಾಲೀಕರು ಜುಲೈ 20ರಂದು ಚಂದಾ ಬೇಡವೆಂದು ತೀರ್ಮಾನಿಸುತ್ತಾರೆ.

ಆ ದಿನ ಕ್ಲೌಡಿನಲ್ಲಿ ಜೂನ್ 20ರಿಂದ ಈಚಿನ ಘಟನೆಗಳಿವೆ. ಕಾರ್ಡಿನಲ್ಲಿ ಜುಲೈ 17ರಿಂದ ಈಚಿನದು ಮಾತ್ರ ಇದೆ. ಜೂನ್ 24ರಂದು ಯಾವುದೋ ವಾಹನ ಗೇಟಿಗೆ ಗುದ್ದಿ ಹೋಗಿತ್ತು. ಆ ಕ್ಲಿಪ್ ಕ್ಲೌಡಿನಲ್ಲಿ ಬಿಟ್ಟು ಬೇರೆಲ್ಲೂ ಇಲ್ಲ. ಯೋಜನೆ ಜುಲೈ 30ರವರೆಗೆ ಇದೆಯೆಂದು ಅವರು ಕಾದರೆ ಕ್ಲಿಪ್ ಸಿಗುವುದಿಲ್ಲ, ಏಕೆಂದರೆ ಮೂವತ್ತು ದಿನ ತುಂಬಿ ಜುಲೈ 24ಕ್ಕೇ ಅದು ಸರದಿಯಂತೆ ಅಳಿದುಹೋಗುತ್ತದೆ. ಜುಲೈ 18ರ ಇನ್ನೊಂದು ಘಟನೆ ಇಂದು ಎರಡೂ ಕಡೆ ಇದೆ. ಆದರೆ ಜುಲೈ 21ರ ಹೊತ್ತಿಗೆ ಅದರ ಮೇಲೆ ಕಾರ್ಡ್ ಹೊಸದನ್ನು ಬರೆದಿರುತ್ತದೆ, ಜುಲೈ 30ಕ್ಕೆ ಕ್ಲೌಡಿನದೂ ಹೋಗುತ್ತದೆ. ಜುಲೈ 31ರ ಬೆಳಿಗ್ಗೆ ಅವರ ಬಳಿ ಇರುವುದು ಸುಮಾರು ಜುಲೈ 28ರಿಂದ ಈಚಿನ ಕಾರ್ಡಿನ ದೃಶ್ಯ, ಅಷ್ಟೇ.

ಆದ್ದರಿಂದ ಇಳಿಸಿಕೊಳ್ಳುವಾಗ ಪಟ್ಟಿಯ ಮೇಲಿನ ಹೊಸ ಘಟನೆಯಿಂದ ಶುರು ಮಾಡದೆ ತಳದ ಹಳೆಯದರಿಂದ ಶುರು ಮಾಡಿ. ಹಳೆಯದು ದಿನಕ್ಕೊಂದರಂತೆ ಜಾರುತ್ತಿರುತ್ತದೆ, ಹೊಸದಕ್ಕೆ ಸಮಯವಿದೆ. ಎಲ್ಲವನ್ನೂ ಇಳಿಸಿಕೊಳ್ಳುವ ಗೋಜಿಗೆ ಹೋಗಬೇಡಿ. ಅಪಘಾತ, ಕಳವು, ಜಗಳ, ಹಾನಿ, ಗುರುತಿಲ್ಲದವರ ಓಡಾಟ, ಜೊತೆಗೆ ಮನೆಯವರು ನೆನಪಿಗೆ ಇಟ್ಟುಕೊಳ್ಳಬಯಸುವ ನಾಲ್ಕಾರು ತುಣುಕು ಸಾಕು. ಅನೇಕ ಆ್ಯಪ್‌ಗಳಲ್ಲಿ ಒಂದೊಂದೇ ಕ್ಲಿಪ್ ಇಳಿಸಬೇಕಾಗುತ್ತದೆ. ಕಂಪನಿಯ ಜಾಲತಾಣದಲ್ಲಿ ಲಾಗಿನ್ ಆಗಿ ನೋಡುವ ಅವಕಾಶವಿದ್ದರೆ ಅಲ್ಲಿ ಹಲವನ್ನು ಒಟ್ಟಿಗೆ ಆರಿಸಿ ಇಳಿಸಲು ಬರಬಹುದು. ಮೊದಲು ಅದನ್ನು ನೋಡಿ.

ಇಳಿಸಿದ ಫೈಲುಗಳ ವಿಷಯದಲ್ಲಿ ಎರಡು ಎಚ್ಚರಿಕೆ. ಮೊಬೈಲಿನ ಗ್ಯಾಲರಿ ಕೆಲವೊಮ್ಮೆ ಕ್ಲಿಪ್‌ಗೆ ಘಟನೆ ನಡೆದ ದಿನವನ್ನಲ್ಲ, ಇಳಿಸಿದ ದಿನವನ್ನು ತೋರಿಸುತ್ತದೆ. ದೃಶ್ಯದ ಮೇಲೆಯೇ ದಿನಾಂಕ ಮುದ್ರಿತವಾಗಿಲ್ಲದಿದ್ದರೆ ಆರು ತಿಂಗಳ ನಂತರ ಅದು ಯಾವಾಗಿನದೆಂದು ಹೇಳಲಾಗದು. ಇಳಿಸಿದ ತಕ್ಷಣ ಫೋಲ್ಡರಿಗೆ ದಿನಾಂಕ, ಗಂಟೆ, ಕ್ಯಾಮೆರಾದ ಹೆಸರು ಸೇರಿಸಿ. ಪೊಲೀಸರಿಗೋ ವಿಮೆಗೋ ಬೇಕಾಗಬಹುದಾದ ಕ್ಲಿಪ್ ಆಗಿದ್ದರೆ ಮೂಲ ಫೈಲನ್ನು ಹೆಸರೂ ಬದಲಿಸದೆ ಹಾಗೆಯೇ ಇಟ್ಟು, ಕತ್ತರಿಸುವುದಿದ್ದರೆ ಪ್ರತಿಯನ್ನು ಕತ್ತರಿಸಿ. ಪರದೆಯನ್ನು ರೆಕಾರ್ಡ್ ಮಾಡಿಕೊಂಡ ವಿಡಿಯೊ ಕೊನೆಯ ಉಪಾಯ ಮಾತ್ರ. ಅದರಲ್ಲಿ ಸ್ಪಷ್ಟತೆ ಕಡಿಮೆಯಾಗುತ್ತದೆ, ಮೂಲ ಫೈಲಿನ ಮಾಹಿತಿ ಇರುವುದೇ ಇಲ್ಲ.

ಎರಡನೆಯದು, ಯಾರಿಗೋ ಕೊಂಡಿ ಕಳುಹಿಸಿ ಹಂಚಿಕೊಂಡ ಕ್ಲಿಪ್ ಉಳಿಯುತ್ತದೆಂದು ನಂಬಬೇಡಿ. ಕೊಂಡಿ ತೋರಿಸುವುದು ಸರ್ವರ್‌ನಲ್ಲಿರುವ ಕ್ಲಿಪ್ಪನ್ನೇ. ಅಲ್ಲಿ ಅಳಿದರೆ ಕೊಂಡಿಯೂ ಬರಿದು. ಫೈಲನ್ನೇ ಕಳುಹಿಸಿದ್ದರೆ ಮಾತ್ರ ಅವರ ಬಳಿ ಪ್ರತಿ ಇರುತ್ತದೆ.

ಇಳಿಸಿದ್ದು ಮುಗಿದ ಮೇಲೆ ಮೊಬೈಲನ್ನು ಏರೋಪ್ಲೇನ್ ಮೋಡ್‌ಗೆ ಹಾಕಿ, ಗ್ಯಾಲರಿಯಿಂದ ಅಥವಾ ಕಂಪ್ಯೂಟರಿನಿಂದ ಎರಡು ಮೂರು ಕ್ಲಿಪ್‌ಗಳನ್ನು ಕೊನೆಯವರೆಗೆ ಓಡಿಸಿ ನೋಡಿ. ಆ್ಯಪ್‌ನೊಳಗೆ ಮೆಚ್ಚಿನದೆಂದು ನಕ್ಷತ್ರದ ಗುರುತು ಹಾಕಿದ್ದನ್ನೇ ಇಳಿಸಿದೆವೆಂದು ತಿಳಿದವರ ತಪ್ಪು ಇಲ್ಲಿ ಬಯಲಾಗುತ್ತದೆ.

ಮೂರನೆಯ ಹೆಜ್ಜೆ: ನವೀಕರಣ ನಿಲ್ಲಿಸುವುದು

ಹಣ ಯಾರ ಮೂಲಕ ಹೋಗುತ್ತಿದೆಯೋ ಅಲ್ಲಿಯೇ ನಿಲ್ಲಿಸಬೇಕು. ಬ್ಯಾಂಕಿನ ಅಥವಾ ಕಾರ್ಡಿನ ವಿವರಪಟ್ಟಿಯಲ್ಲಿ ಪಾವತಿಯ ಪಕ್ಕದ ಹೆಸರು ನೋಡಿ. ಗೂಗಲ್ ಎಂದಿದ್ದರೆ ಪ್ಲೇ ಸ್ಟೋರ್ ತೆರೆದು, ನಿಮ್ಮ ಪ್ರೊಫೈಲ್ ಚಿತ್ರ ಒತ್ತಿ, Payments & subscriptions ಒಳಗಿನ Subscriptions ಪುಟಕ್ಕೆ ಹೋಗಬೇಕು. ಆ್ಯಪಲ್ ಎಂದಿದ್ದರೆ ಐಫೋನಿನ Settings ತೆರೆದು, ಮೇಲಿರುವ ನಿಮ್ಮ ಹೆಸರು ಒತ್ತಿ, Subscriptions ಆರಿಸಬೇಕು. ಕ್ಯಾಮೆರಾ ಕಂಪನಿಯ ಹೆಸರೇ ಇದ್ದರೆ ಅದರ ಆ್ಯಪ್ ಅಥವಾ ಜಾಲತಾಣದ ಖಾತೆಯ ಪುಟದಲ್ಲಿ ಸ್ವಯಂ ನವೀಕರಣದ ಸ್ವಿಚ್ ಇರುತ್ತದೆ. ಮನೆಯಲ್ಲಿ ಇಬ್ಬರ ಮೊಬೈಲಿನಲ್ಲೂ ಆ್ಯಪ್ ಇದ್ದರೆ ಚಂದಾ ಕೊಂಡವರ ಖಾತೆಯಿಂದಲೇ ಇದನ್ನು ಮಾಡಬೇಕು. ಇನ್ನೊಬ್ಬರ ಮೊಬೈಲಿನಲ್ಲಿ ಆ ಸಾಲು ಕಾಣದಿರುವುದಕ್ಕೆ ಚಂದಾ ಇಲ್ಲವೆಂಬ ಅರ್ಥವಿಲ್ಲ.

ಆ್ಯಪ್ ಅಳಿಸಿದರೆ ಚಂದಾ ನಿಲ್ಲುವುದಿಲ್ಲ. ಕ್ಯಾಮೆರಾದ ತಂತಿ ಕಿತ್ತು ಕಪಾಟಿನಲ್ಲಿಟ್ಟರೂ ನಿಲ್ಲುವುದಿಲ್ಲ. ಈ ಎರಡೂ ಸಂದರ್ಭಗಳಲ್ಲಿ ಹಣ ಕಡಿತವಾಗುತ್ತಲೇ ಇರುತ್ತದೆ.

ಇದಕ್ಕಿಂತ ದುಬಾರಿಯಾದ ತಪ್ಪೆಂದರೆ ಚಂದಾ ನಿಲ್ಲಿಸಲೆಂದು ಕ್ಯಾಮೆರಾವನ್ನೇ ಖಾತೆಯಿಂದ ತೆಗೆದುಹಾಕುವುದು. ನೆಸ್ಟ್‌ನಲ್ಲಿ ಹಾಗೆ ಮಾಡಿದರೆ ಆ ಕ್ಯಾಮೆರಾದ ವಿಡಿಯೊ ಇತಿಹಾಸವೂ ಅಳಿಯುತ್ತದೆ. ಬೇರೆ ಕಂಪನಿಗಳಲ್ಲೂ ಹೀಗೇ ಆಗುತ್ತದೆಂದು ಭಾವಿಸಿ ನಡೆಯುವುದು ಕ್ಷೇಮ. ಚಂದಾಕ್ಕೆ ಇನ್ನೂ ಹತ್ತು ದಿನವಿದ್ದರೂ ಅಷ್ಟರಲ್ಲೇ ಇತಿಹಾಸ ಹೋಗಿರುತ್ತದೆ. ಕ್ಯಾಮೆರಾವನ್ನು ತೆಗೆಯುವುದು, ಮರುಹೊಂದಿಸುವುದು, ಖಾತೆ ಮುಚ್ಚುವುದು ಇವೆಲ್ಲ ಕ್ಲಿಪ್‌ಗಳನ್ನು ಇಳಿಸಿಕೊಂಡು ಪರೀಕ್ಷಿಸಿದ ಮೇಲಿನ ಕೆಲಸ.

ನವೀಕರಣ ನಿಲ್ಲಿಸಿದಾಗ ಬರುವ ಸಂದೇಶವನ್ನು ಪೂರ್ತಿ ಓದಿ. ಪ್ಲೇ ಸ್ಟೋರ್‌ನಲ್ಲಿ ನಿಲ್ಲಿಸಿದರೆ ಹಣ ಕಟ್ಟಿದ ಅವಧಿ ಮುಗಿಯುವವರೆಗೆ ಸೇವೆ ಸಿಗುತ್ತದೆ. ಆದರೆ ಉಳಿದ ದಿನಗಳ ಹಣ ಹಿಂದಿರುಗಿಸಿ ಎಂದು ಕೇಳಿ ಪಡೆದರೆ ಸೇವೆ ಆಗಲೇ ಮುಗಿಯಬಹುದು, ಅದರೊಡನೆ ದೃಶ್ಯಗಳೂ. ಉಚಿತ ಪ್ರಾಯೋಗಿಕ ಅವಧಿಯಲ್ಲಿರುವವರೂ ರದ್ದತಿಯ ಸಂದೇಶದಲ್ಲಿ ಕೊನೆಯ ದಿನಾಂಕ ಯಾವುದೆಂದು ನೋಡಬೇಕು. ಆ್ಯಪಲ್ ಮೂಲಕ ಪಡೆದ ಪ್ರಾಯೋಗಿಕ ಅವಧಿಯನ್ನು ಮುಗಿಯುವುದಕ್ಕೆ ಕನಿಷ್ಠ 24 ಗಂಟೆ ಮೊದಲು ರದ್ದು ಮಾಡಬೇಕಾಗುತ್ತದೆ, ಇಲ್ಲದಿದ್ದರೆ ಹಣ ಕಡಿತವಾಗಬಹುದು. ಆ ಸಂದೇಶದ ಚಿತ್ರ ತೆಗೆದಿಟ್ಟುಕೊಳ್ಳಿ. ಮುಂದಿನ ತಿಂಗಳು ಹಣ ಕಡಿತವಾದರೆ ಅದು ಬೇಕಾಗುತ್ತದೆ.

ಪೂರ್ತಿ ನಿಲ್ಲಿಸದೆ ಅಗ್ಗದ ಯೋಜನೆಗೆ ಇಳಿಯುವವರು ಒಂದು ಪ್ರಶ್ನೆ ಕೇಳಿಕೊಳ್ಳಬೇಕು: ಹೊಸ ಯೋಜನೆ ಎಷ್ಟು ದಿನದ್ದು, ಎಷ್ಟು ಕ್ಯಾಮೆರಾಗಳಿಗೆ? 30 ದಿನದಿಂದ 7 ದಿನಕ್ಕೆ ಇಳಿದರೆ ಹಳೆಯ 23 ದಿನಗಳು ಉಳಿಯುತ್ತವೆಂದು ಎಣಿಸಬಾರದು. ಇಡೀ ಮನೆಯ ಯೋಜನೆಯಿಂದ ಒಂದೇ ಕ್ಯಾಮೆರಾದ ಯೋಜನೆಗೆ ಬಂದರೆ ಉಳಿದ ಕ್ಯಾಮೆರಾಗಳಿಗೆ ಮೇಲೆ ಹೇಳಿದ್ದೆಲ್ಲ ಅನ್ವಯಿಸುತ್ತದೆ.

ನಾಲ್ಕನೆಯ ಹೆಜ್ಜೆ: ಮುಗಿದ ಮರುದಿನ

ನಮ್ಮ ಉದಾಹರಣೆಯ ಮಾಲೀಕರು ಜುಲೈ 20ರಂದೇ ಹಳೆಯ ಕ್ಲಿಪ್‌ಗಳನ್ನು ಇಳಿಸಿಕೊಂಡು ನವೀಕರಣ ನಿಲ್ಲಿಸಿದರೆನ್ನಿ. ಮುಂದಿನ ಹತ್ತು ದಿನ ಕ್ಲೌಡಿಗೆ ಹೊಸ ಘಟನೆಗಳು ಸೇರುತ್ತಲೇ ಇರುತ್ತವೆ, ಹಾಗಾಗಿ ಜುಲೈ 29ರಂದು ಇನ್ನೊಂದು ಸುತ್ತು ನೋಡಬೇಕು. ಕೊನೆಯ ದಿನಕ್ಕೆ ಬಿಡಬೇಡಿ. ಅವಧಿ ಯಾವ ಗಂಟೆಗೆ ಮುಗಿಯುತ್ತದೆ ಎಂಬುದು ಕಂಪನಿಯ ಗಡಿಯಾರಕ್ಕೆ ಸೇರಿದ್ದು.

ಜುಲೈ 31ರಂದು ಆ್ಯಪ್ ತೆರೆದಾಗ ಘಟನೆಗಳ ಪಟ್ಟಿ ಬಹುತೇಕ ಖಾಲಿಯಾಗಿರುತ್ತದೆ, ಇಲ್ಲವೇ ಸಮಯ ಮಾತ್ರ ಕಂಡು, ಒತ್ತಿದರೆ ಚಂದಾ ಕೊಳ್ಳಿ ಎಂಬ ಪುಟ ಬರುತ್ತದೆ. ಚಲನೆಯ ಸೂಚನೆಗಳು ಬರುತ್ತಿರಬಹುದು, ಆದರೆ ಅದರಲ್ಲಿದ್ದ ಚಿಕ್ಕ ಚಿತ್ರ ಇರಲಿಕ್ಕಿಲ್ಲ. ಇದನ್ನು ನೋಡಿ ಗಾಬರಿಯಾಗಿ ಕ್ಯಾಮೆರಾವನ್ನು ಮರುಹೊಂದಿಸಬೇಡಿ. ಕಾರ್ಡಿನ Playback ಪುಟಕ್ಕೆ ಹೋಗಿ ನಿನ್ನೆಯ ಮತ್ತು ಇಂದಿನ ದೃಶ್ಯ ಓಡುತ್ತದೆಯೇ ಎಂದು ನೋಡಿ. ಅದು ಓಡಿದರೆ ಎಲ್ಲ ಸರಿಯಿದೆ.

ಕಾರ್ಡಿನ ದೃಶ್ಯವನ್ನು ದೂರದಿಂದ ನೋಡುವಾಗ ಅದು ಕ್ಯಾಮೆರಾದಿಂದ ನಿಮ್ಮ ಮೊಬೈಲಿಗೆ ಆ ಕ್ಷಣದಲ್ಲಿ ಹರಿದುಬರುತ್ತದೆ. ಮನೆಯಲ್ಲಿ ವಿದ್ಯುತ್ ಹೋಗಿದ್ದರೆ ಅಥವಾ ಅಂತರ್ಜಾಲ ಇಲ್ಲದಿದ್ದರೆ ಹಿಂದಿನ ದೃಶ್ಯವೂ ಕಾಣುವುದಿಲ್ಲ; ಅಳಿದಿಲ್ಲ, ತಲುಪಲಾಗುತ್ತಿಲ್ಲ ಅಷ್ಟೇ. ಕಳ್ಳ ಕ್ಯಾಮೆರಾವನ್ನೇ ಕಿತ್ತುಕೊಂಡು ಹೋದರೆ ಅವನ ಮುಖವಿದ್ದ ಕಾರ್ಡೂ ಅವನ ಜೊತೆಯೇ ಹೋಗುತ್ತದೆ. ಚಂದಾ ಬಿಡುವುದರಿಂದ ನಿಜಕ್ಕೂ ಕಳೆದುಕೊಳ್ಳುವುದು ಇದನ್ನೇ, ದಿನಗಳ ಸಂಖ್ಯೆಯನ್ನಲ್ಲ. ಕೈಗೆಟುಕುವ ಎತ್ತರದ ಗೇಟಿನ ಕ್ಯಾಮೆರಾಕ್ಕೆ ಇದು ದೊಡ್ಡ ಕೊರತೆ, ಮನೆಯೊಳಗಿನ ತೊಟ್ಟಿಲಿನ ಕ್ಯಾಮೆರಾಕ್ಕೆ ಅಲ್ಲ. ಯೋಜನೆ ಕ್ಯಾಮೆರಾಕ್ಕೊಂದರಂತೆ ಸಿಗುವುದಾದರೆ ಹೊರಗಿನ ಒಂದಕ್ಕೆ ಉಳಿಸಿಕೊಂಡು ಒಳಗಿನವುಗಳಿಗೆ ನಿಲ್ಲಿಸುವುದು ನನ್ನ ಆಯ್ಕೆ. ಅದೂ ಬೇಡವೆಂದರೆ ಮನೆಯೊಳಗೆ ಇಡುವ ರೆಕಾರ್ಡರ್ ಪೆಟ್ಟಿಗೆಗೆ ದೃಶ್ಯ ಕಳುಹಿಸಬಹುದು; ಕ್ಯಾಮೆರಾದ ಸೆಟ್ಟಿಂಗ್‌ನಲ್ಲಿ RTSP ಅಥವಾ ONVIF ಎಂಬ ಆಯ್ಕೆ ಇದೆಯೇ ನೋಡಿ. ಬ್ಯಾಟರಿಯಿಂದ ನಡೆಯುವ ಮಾದರಿಗಳಲ್ಲಿ ಅದು ಸಾಮಾನ್ಯವಾಗಿ ಇರುವುದಿಲ್ಲ.

ಕ್ಯಾಮೆರಾ ಬೇರೆಯವರ ಕೈಗೆ ಹೋಗುವುದಾದರೆ

ಚಂದಾ ನಿಲ್ಲಿಸುತ್ತಿರುವುದೇ ಕ್ಯಾಮೆರಾ ಮಾರಲು ಅಥವಾ ಕೊಡಲು ಎಂದಾದರೆ ಕೆಲಸ ಇನ್ನೂ ಸ್ವಲ್ಪ ಇದೆ. ಕ್ಯಾಮೆರಾದ ಗುಂಡಿ ಒತ್ತಿ ಮರುಹೊಂದಿಸಿದರೆ ಸೆಟ್ಟಿಂಗ್‌ಗಳು ಹೋಗುತ್ತವೆ. ಕಾರ್ಡಿನಲ್ಲಿದ್ದ ದೃಶ್ಯ ಹಾಗೆಯೇ ಉಳಿದಿರಬಹುದು, ಕ್ಲೌಡಿನಲ್ಲಿ ಉಳಿದದ್ದಕ್ಕೂ ಆ ಗುಂಡಿಗೂ ಸಂಬಂಧವಿಲ್ಲ. ಮೊದಲು ಆ್ಯಪ್‌ನಿಂದ ಕ್ಲೌಡಿನ ಕ್ಲಿಪ್‌ಗಳನ್ನು ಅಳಿಸಿ, ಆಮೇಲೆ ಖಾತೆಯಿಂದ ಕ್ಯಾಮೆರಾವನ್ನು ತೆಗೆಯಿರಿ. ಅದಾದ ಮೇಲೆ ಮರುಹೊಂದಿಸಿ. ಖಾತೆಯಿಂದ ತೆಗೆಯದೆ ಕೊಟ್ಟರೆ ಹೊಸ ಮಾಲೀಕರಿಗೆ ಅದನ್ನು ತಮ್ಮ ಖಾತೆಗೆ ಸೇರಿಸಿಕೊಳ್ಳಲು ಆಗದೇ ಹೋಗಬಹುದು.

ಕಾರ್ಡನ್ನು ಕೊಡದೆ ನಿಮ್ಮ ಬಳಿಯೇ ಇಟ್ಟುಕೊಳ್ಳುವುದು ಎಲ್ಲಕ್ಕಿಂತ ಸುಲಭ. ಕೊಡಲೇಬೇಕೆಂದರೆ ಬರೀ ಫಾರ್ಮ್ಯಾಟ್ ಸಾಲದು, ಏಕೆಂದರೆ ತ್ವರಿತ ಫಾರ್ಮ್ಯಾಟ್ ಅಳಿಸುವುದು ಸೂಚಿಯನ್ನು ಮಾತ್ರ. ಅಳಿದ ಫೈಲ್ ಮರಳಿಸುವ ಸಾಧಾರಣ ತಂತ್ರಾಂಶಗಳಿಗೂ ಒಳಗಿನ ದೃಶ್ಯ ಸಿಗಬಹುದು. ಫಾರ್ಮ್ಯಾಟ್ ಮಾಡಿದ ನಂತರ ಕ್ಯಾಮೆರಾವನ್ನು ಒಂದು ಬಿಳಿ ಗೋಡೆಗೆ ಮುಖ ಮಾಡಿ, ಸತತ ರೆಕಾರ್ಡಿಂಗ್‌ನಲ್ಲಿ ಕಾರ್ಡ್ ಒಮ್ಮೆ ಪೂರ್ತಿ ತುಂಬುವವರೆಗೆ ಬಿಡಿ. ಮೇಲಿನ ಲೆಕ್ಕದ 64 ಜಿಬಿ ಕಾರ್ಡಿಗೆ ಅದು ಮೂರು ದಿನದ ಕೆಲಸ. ಆಮೇಲೆ ಇನ್ನೊಮ್ಮೆ ಫಾರ್ಮ್ಯಾಟ್ ಮಾಡಿ ಕೊಡಬಹುದು.